ಉಪ್ಪಿನಕಾಯಿಗೆ ನೀರಿನ ಲೆಕ್ಕ

ಯುಗಾದಿಯ ಬೆನ್ನಿಗೆ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಗೆ ನಿಜವಾದ ಪರೀಕ್ಷೆ ಬರುವುದು ಆಷಾಢದಲ್ಲಿ. ಹೊರಗೆ ಮಳೆ ಹಿಡಿದಿರುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ಕೂಡ ನೀರೊಡೆದಿರುತ್ತದೆ. ಆಗ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಒಂದು ಮನೆಯಲ್ಲಿ ಎಣ್ಣೆ ತಿಳಿಯಾಗಿ ಮೇಲೆ ನಿಂತಿರುತ್ತದೆ, ಪಕ್ಕದ ಮನೆಯ ಜಾಡಿಯಲ್ಲಿ ಹಸಿರು ಬೂಷ್ಟು ಕಟ್ಟಿರುತ್ತದೆ. ಒಂದೇ ಸಂತೆಯಿಂದ ತಂದ ಕಾಯಿ, ಒಂದೇ ಅಂಗಡಿಯ ಖಾರದಪುಡಿ. ‘ಅವರ ಕೈಗುಣ ಅಂಥದ್ದು’ ಎಂದು ಹೇಳಿ ಮಾತು ಮುಗಿಸುವುದು ನಮ್ಮಲ್ಲಿ ರೂಢಿ. ಆದರೆ ಈ ಕೈಗುಣವನ್ನು ತಕ್ಕಡಿಯಲ್ಲಿಟ್ಟು ತೂಗಬಹುದು. ಉಪ್ಪಿನ ಅಳತೆ, ಒಣ ಜಾಡಿ, ಎಣ್ಣೆಯ ಪದರ, ಬಿಸಿಲು ಇವು ನಾಲ್ಕೂ ಬೇರೆ ಬೇರೆ ನಿಯಮಗಳ ಹಾಗೆ ಕಂಡರೂ ನಾಲ್ಕರ ಕೆಲಸವೂ ಒಂದೇ ವಸ್ತುವಿನ ಸುತ್ತ ನಡೆಯುತ್ತದೆ. ಆ ವಸ್ತು ನೀರು.

ಹಸಿ ಮಾವಿನಕಾಯಿಯ ತಿರುಳಿನಲ್ಲಿ ನೂರಕ್ಕೆ ಸುಮಾರು 85 ಪಾಲು ನೀರೇ. ಕಾಯಿ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯಬೇಕಾದರೆ ಈ ನೀರು ಅವುಗಳ ಕೈಗೆ ಸಿಗಬೇಕು. ಉಪ್ಪು ಹಾಕಿದಾಗ ಎರಡು ಕೆಲಸ ನಡೆಯುತ್ತವೆ. ಮೊದಲು ಅದು ಹೋಳಿನೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಬೆಳಿಗ್ಗೆ ಒಣ ಹೋಳಿಗೆ ಉಪ್ಪು ಬೆರೆಸಿಟ್ಟರೆ ಸಂಜೆಗೆ ಜಾಡಿಯ ತಳದಲ್ಲಿ ರಸ ನಿಂತಿರುವುದು ಅದಕ್ಕೇ. ಆಮೇಲೆ ಆ ನೀರಿನಲ್ಲಿ ಕರಗಿ ಅದನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಜಾಡಿಯಲ್ಲಿ ನೀರು ಇರುತ್ತದೆ, ಜೀವಿಗಳಿಗೆ ಮಾತ್ರ ದಕ್ಕುವುದಿಲ್ಲ. ಅವುಗಳ ಮೈಯೊಳಗಿನ ನೀರನ್ನೇ ಉಪ್ಪು ಹೊರಗೆಳೆದುಬಿಡುತ್ತದೆ. ಇದರ ಜೊತೆಗೆ ಕಾಯಿಯದೇ ಹುಳಿ ಇದೆ. ಹುಳಿಯೂ ಉಪ್ಪೂ ಸೇರಿದ ಕಡೆ ಬದುಕಬಲ್ಲ ಜೀವಿಗಳು ಬಹಳ ಕಡಿಮೆ. ಹುಳಿ ಕಾಯಿಯ ಉಪ್ಪಿನಕಾಯಿ ಕೋಣೆಯ ಬಿಸಿಯಲ್ಲೇ ವರ್ಷ ತಡೆಯುವುದು ಈ ಜೋಡಿಯ ಬಲದಿಂದ.

ಹಾಗಾದರೆ ಎಷ್ಟು ಉಪ್ಪು? ಹಳಬರನ್ನು ಕೇಳಿದರೆ ‘ಐದಕ್ಕೆ ಒಂದು’ ಎನ್ನುತ್ತಾರೆ, ಕೆಲವರು ‘ನಾಲ್ಕಕ್ಕೆ ಒಂದು’ ಎನ್ನುತ್ತಾರೆ. ಅವರು ಹೇಳುವುದು ಪಾವು, ಸೇರಿನ ಲೆಕ್ಕ. ಐದು ಪಾವು ಹೋಳಿಗೆ ಒಂದು ಪಾವು ಕಲ್ಲುಪ್ಪು ಎಂದು ಅರ್ಥ. ಈ ಅಳತೆ ಅವರ ಕೈಯಲ್ಲಿ ಸರಿಯಾಗಿಯೇ ನಡೆಯುತ್ತಿತ್ತು, ಏಕೆಂದರೆ ಪಾವೂ ಅದೇ, ಉಪ್ಪೂ ಅದೇ. ನಾವು ಅದೇ ಮಾತನ್ನು ಹಿಡಿದು ಕಲ್ಲುಪ್ಪಿನ ಬದಲು ಪುಡಿ ಉಪ್ಪು ಅಳೆದಾಗ ಲೆಕ್ಕ ತಪ್ಪುತ್ತದೆ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುತ್ತದೆ, ಪುಡಿ ಉಪ್ಪು ಒತ್ತಾಗಿ ಕೂರುತ್ತದೆ. ಒಂದೇ ಪಾವಿನಲ್ಲಿ ಪುಡಿ ಉಪ್ಪು ಹೆಚ್ಚು ತೂಗುತ್ತದೆ. ಹರಳಿನ ಗಾತ್ರ ಬದಲಾದರೂ ತೂಕ ಬದಲಾಗುತ್ತದೆ. ಹೋಳಿನದೂ ಇದೇ ಕಥೆ. ದಪ್ಪ ಹೋಳು ಪಾವಿನಲ್ಲಿ ಸಡಿಲವಾಗಿ ಕೂರುತ್ತದೆ, ಸಣ್ಣ ಹೋಳು ಒತ್ತಾಗಿ ಕೂರುತ್ತದೆ. ಆದ್ದರಿಂದ ಉಪ್ಪನ್ನೂ ಹೋಳನ್ನೂ ತೂಗಿಯೇ ಹಾಕಬೇಕು. ಮಾವಿನಕಾಯಿ ಹೋಳಿಗೆ ಕೆಜಿಗೆ 150ರಿಂದ 200 ಗ್ರಾಂ ಉಪ್ಪು ಸರಿಯಾದ ಮಿತಿ. ನಾನು ಹೇಳುವುದಾದರೆ 180 ಗ್ರಾಂ.

ಎರಡು ಕೆಜಿ ಹೋಳಿನ ಲೆಕ್ಕವನ್ನೇ ಮಾಡಿ ನೋಡೋಣ. ಕಾಯಿ ಹುಳಿಯಾಗಿರಬೇಕು, ಗಟ್ಟಿಯಾಗಿರಬೇಕು, ಗೊರಟು ಬಲಿತಿರಬೇಕು. ಮಳೆ ಬಿದ್ದ ಮೇಲೆ ಕಿತ್ತ ಕಾಯಿಯೂ, ಬುಟ್ಟಿಯಲ್ಲಿ ಎರಡು ದಿನ ಉಳಿದು ಒಳಗೆ ಹಳದಿ ತಿರುಗಿದ ಕಾಯಿಯೂ ಬೇಡ. ಅವುಗಳಲ್ಲಿ ಹುಳಿ ಇಳಿದು ಸಿಹಿ ಏರಿರುತ್ತದೆ, ತಿರುಳನ್ನು ಮೆತ್ತಗೆ ಮಾಡುವ ಕೆಲಸ ಕಾಯಿಯೊಳಗೇ ಶುರುವಾಗಿರುತ್ತದೆ. ಎಷ್ಟು ಉಪ್ಪು ಹಾಕಿದರೂ ಆ ಹೋಳು ಗಟ್ಟಿಯಾಗುವುದಿಲ್ಲ. ಗಿಣಿಮೂತಿ ಕಾಯಿ ಎಲ್ಲ ಕಡೆ ಸಿಗುತ್ತದೆ, ಹೋಳೂ ಚೆನ್ನಾಗಿ ಬರುತ್ತದೆ, ಆದರೆ ಹುಳಿ ಕಡಿಮೆ. ನಾಟಿ ಹುಳಿಮಾವು ಸಿಕ್ಕರೆ ಅದನ್ನೇ ಆರಿಸಿ.

ಕಾಯಿಯನ್ನು ಇಡಿಯಾಗಿಯೇ ತೊಳೆಯಬೇಕು. ತೊಟ್ಟಿನ ಸೊನೆ ಹೋಗುವಂತೆ ತೊಳೆದು, ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಹರಡಿ ಪೂರ್ತಿ ಆರಿಸಬೇಕು. ಹೆಚ್ಚಿದ ಮೇಲೆ ನೀರು ಸೋಕಲೇಬಾರದು. ಈಳಿಗೆಮಣೆಯ ಅಲಗು, ಮಲೆನಾಡಿನವರಾದರೆ ಮೆಟ್ಟುಗತ್ತಿ, ಹರಡುವ ಬಟ್ಟೆ, ಮಾಡುವವರ ಕೈ ಎಲ್ಲ ಒಣಗಿರಬೇಕು. ಗೊರಟಿನ ಚಿಪ್ಪು ಹೋಳಿಗೆ ಅಂಟಿಕೊಂಡಿರಲಿ, ಅದಿದ್ದರೆ ಹೋಳು ಆಕಾರ ಬಿಡುವುದಿಲ್ಲ. ಒಳಗಿನ ಬೀಜವನ್ನೂ ಅದರ ಸುತ್ತಲಿನ ಕಾಗದದಂಥ ಸಿಪ್ಪೆಯನ್ನೂ ತೆಗೆಯಬೇಕು. ಸುಮಾರು ಎರಡೂವರೆ ಕೆಜಿ ಕಾಯಿ ಹೆಚ್ಚಿದರೆ ಎರಡು ಕೆಜಿ ಹೋಳು ಸಿಗುತ್ತದೆ. ಉಪ್ಪಿನ ಲೆಕ್ಕ ಈ ಹೋಳಿನ ಮೇಲೆ, ಕೊಂಡು ತಂದ ಕಾಯಿಯ ಮೇಲಲ್ಲ.

ಎರಡು ಕೆಜಿ ಹೋಳಿಗೆ 360 ಗ್ರಾಂ ಕಲ್ಲುಪ್ಪು. ಅದನ್ನು ಮೊದಲು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಹರಳು ಚಟಪಟ ಸಿಡಿಯುತ್ತದೆ, ಒಳಗೆ ಸಿಕ್ಕಿಕೊಂಡ ನೀರು ಹಬೆಯಾಗಿ ಹೊರಡುವ ಸದ್ದು ಅದು. ಸದ್ದು ನಿಂತ ಮೇಲೆ ಇಳಿಸಿ, ಆರಿಸಿ, ತರಿಯಾಗಿ ಪುಡಿ ಮಾಡಿ ಆಮೇಲೆ ತೂಗಬೇಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಂಥ ಗದ್ದೆಯುಪ್ಪಿನಲ್ಲಿ ತೇವ ಹೆಚ್ಚು. ಅದನ್ನು ಹುರಿಯದೆ ತೂಗಿದರೆ ಉಪ್ಪಿನ ಜೊತೆ ನೀರನ್ನೂ ತೂಗಿದಂತಾಗುತ್ತದೆ. ಹುರಿದ ಉಪ್ಪನ್ನೂ ಎರಡು ಚಮಚ ಅರಿಸಿನವನ್ನೂ ಹೋಳಿಗೆ ಬೆರೆಸಿ, ಜಾಡಿಗೆ ತುಂಬಿ, ಮೂರು ದಿನ ಬಿಡಬೇಕು. ಬೆಳಿಗ್ಗೆಯೂ ಸಂಜೆಯೂ ಒಣ ಸೌಟಿನಿಂದ ತಳದವರೆಗೆ ತಿರುವಿ ಹಾಕಬೇಕು. ತಿರುವದಿದ್ದರೆ ಉಪ್ಪುನೀರು ಕೆಳಗೆ ನಿಂತು ಮೇಲಿನ ಹೋಳು ಹಸಿಯಾಗಿಯೇ ಉಳಿಯುತ್ತದೆ. ಕೆಡುವುದು ಯಾವಾಗಲೂ ಆ ಮೇಲಿನ ಹೋಳಿನಿಂದಲೇ.

ಈಗ ನೀರಿನ ಲೆಕ್ಕ ನೋಡಿ. ಎರಡು ಕೆಜಿ ಹೋಳಿನಲ್ಲಿ ಸುಮಾರು 1,700 ಗ್ರಾಂ ನೀರು ಇದೆ. ಅದರಲ್ಲಿ 360 ಗ್ರಾಂ ಉಪ್ಪು ಕರಗಿದರೆ ಒಟ್ಟು 2,060 ಗ್ರಾಂ ಉಪ್ಪುನೀರು. ಅಂದರೆ ಶೇಕಡ 17.5ರಷ್ಟು ಉಪ್ಪು. ಉಪ್ಪುನೀರಿನಲ್ಲೇ ಇಡುವ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡ 12ಕ್ಕಿಂತ ಕಡಿಮೆ ಇರಬಾರದು ಎಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಕಾರ್ಖಾನೆಯ ಶುಚಿತ್ವ ನಮ್ಮ ಅಡುಗೆಮನೆಯಲ್ಲಿ ಇರುವುದಿಲ್ಲ, ಆದ್ದರಿಂದ ಮನೆಯಲ್ಲಿ ಇನ್ನೂ ಸ್ವಲ್ಪ ಮೇಲಿರುವುದು ಒಳ್ಳೆಯದು. ಉಪ್ಪು ಹೆಚ್ಚಾಯಿತೆಂದು ಅರ್ಧ ಮಾಡಿ 180 ಗ್ರಾಂ ಹಾಕಿದರೆ ಅದೇ ನೀರಿನಲ್ಲಿ ಶೇಕಡ 10ರಷ್ಟೂ ಆಗುವುದಿಲ್ಲ. ಆ ಮಟ್ಟದಲ್ಲಿ ಹುಳಿಸುವ ಕೆಲವು ಜೀವಿಗಳು ನಿಧಾನವಾಗಿ ಬದುಕುತ್ತವೆ. ವಾರದಲ್ಲಿ ಗುಳ್ಳೆ ಏಳುತ್ತದೆ, ಮುಚ್ಚಳ ಬಿಚ್ಚಿದರೆ ಸಣ್ಣಗೆ ‘ಸುಯ್’ ಎನ್ನುತ್ತದೆ, ಹೋಳು ಮೆತ್ತಗಾಗುತ್ತದೆ. ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಹುಳಿಸಿ ಮಾಡುವ ಪದಾರ್ಥವಲ್ಲ. ಅದರಲ್ಲಿ ಗುಳ್ಳೆ ಕಂಡರೆ ಉಪ್ಪು ಸಾಲಲಿಲ್ಲ ಎಂದೇ ತಿಳಿಯಬೇಕು.

ಬಿಸಿಲಿನ ಕೆಲಸ ಅರ್ಥವಾಗುವುದು ಇಲ್ಲಿಯೇ. ಮೂರನೆಯ ದಿನ ಹೋಳನ್ನು ಉಪ್ಪುನೀರಿನಿಂದ ಹಿಂಡದೆ ಎತ್ತಿ, ಬಿಳಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ಬಿಸಿಲಿಗಿಡುತ್ತಾರೆ. ಉಳಿದ ರಸವನ್ನು ಚೆಲ್ಲಬಾರದು. ಹಾಕಿದ ಉಪ್ಪಿನ ದೊಡ್ಡ ಪಾಲು, ಕಾಯಿಯ ಹುಳಿ ಎರಡೂ ಅದರಲ್ಲಿರುತ್ತವೆ. ಆ ರಸವನ್ನು ಅಗಲವಾದ ಗಾಜಿನ ಅಥವಾ ಪಿಂಗಾಣಿ ಬೋಗುಣಿಯಲ್ಲಿ ಹಾಕಿ, ತೆಳುಬಟ್ಟೆ ಕಟ್ಟಿ ಪಕ್ಕದಲ್ಲೇ ಬಿಸಿಲಿಗಿಡಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ಕಲಾಯಿ ಬಿಟ್ಟ ಪಾತ್ರೆ ಬೇಡ, ಉಪ್ಪೂ ಹುಳಿಯೂ ಸೇರಿ ಲೋಹವನ್ನು ತಿನ್ನುತ್ತವೆ. ಸಂಜೆ ಹೋಳನ್ನು ಮತ್ತೆ ರಸಕ್ಕೆ ಹಾಕಿ, ಮರುದಿನ ಮತ್ತೆ ಹರಡಬೇಕು. ಏಪ್ರಿಲ್‌ನ ಬಿಸಿಲಿಗೆ ಎರಡು ದಿನ ಸಾಕು.

ಎಷ್ಟು ಒಣಗಿತು ಎಂಬುದಕ್ಕೂ ತಕ್ಕಡಿ ಇದೆ. ಹೋಳು, ಉಪ್ಪು, ರಸ ಎಲ್ಲ ಸೇರಿ ಮೊದಲು 2,360 ಗ್ರಾಂ ಇತ್ತು. ಎರಡು ದಿನದ ಬಿಸಿಲಿನ ಮೇಲೆ ಅದು 1,960 ಗ್ರಾಂಗೆ ಇಳಿದರೆ 400 ಗ್ರಾಂ ನೀರು ಗಾಳಿಗೆ ಹೋಗಿದೆ. ಉಪ್ಪು ಮಾತ್ರ ಆವಿಯಾಗುವುದಿಲ್ಲ, ಅಷ್ಟೂ ಉಳಿದಿದೆ. 1,300 ಗ್ರಾಂ ನೀರಿಗೆ 360 ಗ್ರಾಂ ಉಪ್ಪು ಎಂದರೆ ಶೇಕಡ 21ಕ್ಕೂ ಮೇಲೆ. ಒಂದು ಚಿಟಿಕೆ ಉಪ್ಪನ್ನೂ ಸೇರಿಸದೆ ಉಪ್ಪುನೀರು ಗಟ್ಟಿಯಾಯಿತು. ನೀರು ಹಿಡಿಯಬಹುದಾದ ಉಪ್ಪಿನ ಕೊನೆಯ ಮಿತಿ ಶೇಕಡ 26ರ ಹತ್ತಿರ, ಆಮೇಲೆ ಅದು ಹರಳುಗಟ್ಟಿ ಹೊರಬರುತ್ತದೆ. ಆ ಮಿತಿಗೆ ಹತ್ತಿರ ಬಂದಷ್ಟೂ ಜಾಡಿ ಭದ್ರ. ಅಪಾರ್ಟ್‌ಮೆಂಟಿನಲ್ಲಿದ್ದು ಬಿಸಿಲು ಸಿಗದವರು ಬೇಸರಪಡಬೇಕಿಲ್ಲ. ಅವರು ಉಪ್ಪನ್ನು ಕೆಜಿಗೆ 200 ಗ್ರಾಂಗೆ ಏರಿಸಿ, ಹೋಳನ್ನು ಒಣ ಬಟ್ಟೆಯ ಮೇಲೆ ಫ್ಯಾನ್ ಕೆಳಗೆ ಒಂದು ದಿನ ಆರಿಸಿದರೂ ನಡೆಯುತ್ತದೆ. ಬಿಸಿಲು ಜೀವಿಗಳನ್ನು ಕೊಲ್ಲುತ್ತದೆ ಎಂದು ನಂಬಿ ಮುಚ್ಚಳ ಬಿಗಿದ ಜಾಡಿಯನ್ನು ತಾರಸಿಯ ಮೇಲೆ ಸಾಲಾಗಿ ಇಡುವವರಿದ್ದಾರೆ. ಮುಚ್ಚಿದ ಜಾಡಿಯಿಂದ ನೀರು ಹೊರಗೆ ಹೋಗುವ ದಾರಿಯೇ ಇಲ್ಲ, ಹೀಗಾಗಿ ಬಿಸಿಲು ಅರ್ಧ ವ್ಯರ್ಥ. ಬಾಯಿಗೆ ತೆಳುಬಟ್ಟೆ ಕಟ್ಟಿಡಬೇಕು.

ಮುಚ್ಚಿದ ಜಾಡಿಯಲ್ಲಿ ಇನ್ನೊಂದು ಕೇಡೂ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಿಸಿಲಿನಲ್ಲಿ ಕಾದ ಜಾಡಿಯನ್ನು ಸಂಜೆ ತಂದು ಹಾಗೆಯೇ ಬಿಗಿಯಾಗಿ ಮುಚ್ಚಿದರೆ, ರಾತ್ರಿ ತಣ್ಣಗಾದಾಗ ಒಳಗಿನ ಹಬೆ ಮುಚ್ಚಳದ ಅಡಿಯಲ್ಲಿ ಹನಿಗಟ್ಟುತ್ತದೆ. ಆ ಹನಿಯಲ್ಲಿ ಉಪ್ಪಿಲ್ಲ, ಹುಳಿಯಿಲ್ಲ, ಬರಿ ನೀರು. ಅದು ತೊಟ್ಟಿಕ್ಕಿ ಮೇಲಿನ ಹೋಳಿನ ಮೇಲೆ ಕೂರುತ್ತದೆ. ಇಡೀ ಜಾಡಿಯ ಉಪ್ಪಿನ ಅಂಶ ಶೇಕಡ 21 ಇದ್ದರೂ ಆ ಒಂದು ಹೋಳಿನ ನೆತ್ತಿಯಲ್ಲಿ ಉಪ್ಪು ಇಲ್ಲದ ಒಂದು ಸಣ್ಣ ಜಾಗ ಹುಟ್ಟುತ್ತದೆ. ಗಾಳಿ ಅಲ್ಲಿ ಇದ್ದೇ ಇದೆ. ಬೂಷ್ಟಿಗೆ ಅಷ್ಟು ಜಾಗ ಸಾಕು. ಒದ್ದೆ ಚಮಚ ಹಾಕಬೇಡಿ, ಜಾಡಿಯಲ್ಲಿ ಪಸೆ ಇರಬಾರದು ಎನ್ನುವುದಕ್ಕೂ ಕಾರಣ ಇದೇ. ಒಂದು ಹನಿ ನೀರು ಇಡೀ ಜಾಡಿಯ ಉಪ್ಪನ್ನು ತೆಳುವಾಗಿಸುವುದಿಲ್ಲ, ಆದರೆ ತಾನು ಬಿದ್ದ ಕಡೆ ಕಾವಲನ್ನು ತೆಗೆದುಬಿಡುತ್ತದೆ. ಊಟದ ನಡುವೆ ಹಾಕಿದ ಚಮಚವಾದರೆ ನೀರಿನ ಜೊತೆಗೆ ಅನ್ನದ ಅಗುಳು, ಮೊಸರು ಕೂಡ ಹೋಗುತ್ತವೆ. ಬಿಸಿಲಿನಿಂದ ತಂದ ಜಾಡಿ ಪೂರ್ತಿ ತಣ್ಣಗಾಗುವವರೆಗೆ ಬಟ್ಟೆಯಲ್ಲೇ ಇರಲಿ, ಮುಚ್ಚಳ ಆಮೇಲೆ.

ಜಾಡಿಯನ್ನು ಕುದಿನೀರಿನಲ್ಲಿ ತೊಳೆದು, ಬೋರಲು ಹಾಕಿ, ದಿನವಿಡೀ ಬಿಸಿಲಿಗಿಟ್ಟರೆ ಸಾಕೆಂದು ಎಲ್ಲರಿಗೂ ಗೊತ್ತು. ಆದರೆ ಪಿಂಗಾಣಿ ಜಾಡಿ ಹಳೆಯದಾಗಿ ಮೆರುಗು ಬಿರುಕು ಬಿಟ್ಟಿದ್ದರೆ ಆ ಬಿರುಕಿನೊಳಗೆ ಪಸೆಯೂ ಹಳೆ ಎಣ್ಣೆಯೂ ಉಳಿದುಕೊಳ್ಳುತ್ತವೆ. ಅಂಥ ಜಾಡಿಯನ್ನು ಉಪ್ಪಿನಕಾಯಿಗೆ ಬಳಸದಿರುವುದೇ ಸರಿ. ಒಣಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ಒಂದು ಚಮಚ ಒಣ ಪುಡಿ ಉಪ್ಪನ್ನು ಜಾಡಿಯೊಳಗೆ ಹಾಕಿ ಸುತ್ತ ಉರುಳಿಸಿ ಸುರಿದುಬಿಡಿ. ಎಲ್ಲಿಯಾದರೂ ಉಪ್ಪು ಅಂಟಿಕೊಂಡು ನಿಂತರೆ ಅಲ್ಲಿ ಇನ್ನೂ ಪಸೆ ಇದೆ. ಹಳೆಯ ಮನೆಗಳಲ್ಲಿ ಕೆಂಡದ ಮೇಲೆ ಇಂಗು ಉದುರಿಸಿ, ಆ ಹೊಗೆಯ ಮೇಲೆ ಜಾಡಿಯನ್ನು ಬೋರಲು ಹಿಡಿಯುತ್ತಿದ್ದರು. ಪರಿಮಳ ಹಾಗಿರಲಿ, ಕೆಂಡದ ಬಿಸಿ ಜಾಡಿಯ ಕತ್ತಿನ ತಿರುವಿನವರೆಗೆ ತಲುಪಿ ಅಲ್ಲಿನ ಪಸೆಯನ್ನು ಒಣಗಿಸುತ್ತದೆ. ಬಟ್ಟೆಯಿಂದ ಒರೆಸಿದರೆ ಆ ತಿರುವಿಗೆ ಕೈ ಹೋಗುವುದಿಲ್ಲ.

ಕೈಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮುಟ್ಟಾದ ಹೆಂಗಸರು ಜಾಡಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತು ಇಂದಿಗೂ ಅನೇಕ ಮನೆಗಳಲ್ಲಿದೆ. ಉಪ್ಪು, ಹುಳಿ, ನೀರು, ಗಾಳಿ ಇವುಗಳಲ್ಲಿ ಯಾವುದೂ ಅದರಿಂದ ಬದಲಾಗುವುದಿಲ್ಲ. ಈ ನಂಬಿಕೆಗೆ ಆಧಾರವಿಲ್ಲ. ಜಾಡಿ ಕೆಡಿಸುವುದು ಒದ್ದೆ ಕೈ, ಅದು ಯಾರದಾದರೂ ಸರಿ. ಕೆಟ್ಟ ಜಾಡಿಯ ಹೊಣೆಯನ್ನು ಮನೆಯ ಹುಡುಗಿಯ ಮೇಲೆ ಹೊರಿಸುವುದು ಅನ್ಯಾಯ, ಮೇಲಾಗಿ ನಿಜವಾದ ಕಾರಣ ಹುಡುಕದಂತೆ ಅದು ನಮ್ಮನ್ನು ತಡೆಯುತ್ತದೆ.

ಮಸಾಲೆಗೆ ಬರೋಣ. ನಮ್ಮ ಎರಡು ಕೆಜಿ ಹೋಳಿಗೆ 200 ಗ್ರಾಂ ಖಾರದಪುಡಿ, ಬಣ್ಣಕ್ಕೆ ಬ್ಯಾಡಗಿ ಹೆಚ್ಚು ಖಾರಕ್ಕೆ ಗುಂಟೂರು ಸ್ವಲ್ಪ. 100 ಗ್ರಾಂ ಸಾಸಿವೆ, 30 ಗ್ರಾಂ ಮೆಂತ್ಯ, ಇಂಗು. ಮೆಂತ್ಯವನ್ನು ಹುರಿದು ಪುಡಿ ಮಾಡಬೇಕು. ಸಾಸಿವೆಯನ್ನು ಮಾತ್ರ ಹುರಿಯದೆ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡುವುದು ಒಳ್ಳೆಯದು. ಸಾಸಿವೆಯ ಮೂಗಿಗೇರುವ ಗಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಒಂದು ಕಿಣ್ವ ಅದನ್ನು ಹುಟ್ಟಿಸುತ್ತದೆ. ಚೆನ್ನಾಗಿ ಹುರಿದರೆ ಆ ಕಿಣ್ವ ಸಾಯುತ್ತದೆ, ಗಾಟೂ ಇಲ್ಲವಾಗುತ್ತದೆ. ಆ ಗಾಟಿಗೆ ಬೂಷ್ಟನ್ನೂ ಬ್ಯಾಕ್ಟೀರಿಯಾಗಳನ್ನೂ ಹತ್ತಿಕ್ಕುವ ಶಕ್ತಿ ಇದೆ. ಸಾಸಿವೆ ಇಲ್ಲಿ ರುಚಿಗಷ್ಟೇ ಅಲ್ಲ, ಕಾವಲಿಗೂ ಇದೆ. ಒಣ ಪುಡಿಗಳು ಜಾಡಿಯಲ್ಲಿ ಉಳಿದ ರಸವನ್ನು ಹೀರಿ ಗಟ್ಟಿ ಮಾಡುತ್ತವೆ, ಇದೂ ನೀರಿನ ಲೆಕ್ಕಕ್ಕೇ ಸೇರಿತು.

ಎಣ್ಣೆ ಹಾಕುವುದು ಕೊನೆಯಲ್ಲಿ. ಉಪ್ಪಿಗಿಂತ ಮೊದಲು ಎಣ್ಣೆ ಬೆರೆಸಿದರೆ ಹೋಳಿನ ಮೈಗೆ ಎಣ್ಣೆ ಕಟ್ಟಿ ಉಪ್ಪು ಸರಿಯಾಗಿ ಕರಗುವುದಿಲ್ಲ, ರಸವೂ ಬಿಡುವುದಿಲ್ಲ. ಹಳೆ ಮೈಸೂರಿನವರು ಒಳ್ಳೆಣ್ಣೆ ಅಂದರೆ ಎಳ್ಳೆಣ್ಣೆ ಹಾಕುತ್ತಾರೆ, ಉತ್ತರ ಕರ್ನಾಟಕದಲ್ಲಿ ಶೇಂಗಾ ಎಣ್ಣೆ. ಎಳ್ಳೆಣ್ಣೆಗೆ ಕಮಟು ಹಿಡಿಯದಂತೆ ತಡೆಯುವ ಗುಣ ಅದರಲ್ಲೇ ಇದೆ, ಹೀಗಾಗಿ ವರ್ಷ ಇಡುವ ಉಪ್ಪಿನಕಾಯಿಗೆ ನನ್ನ ಆಯ್ಕೆ ಅದೇ. ಹೊಗೆಯಾಡುವವರೆಗೆ ಕಾಯಿಸಿ ಪೂರ್ತಿ ತಣಿಸಿಯೇ ಹಾಕಬೇಕು. ಬಿಸಿ ಎಣ್ಣೆ ಸುರಿದರೆ ಹೋಳು ಬೇಯುತ್ತದೆ, ಸಾಸಿವೆಯ ಗಾಟು ಹೋಗುತ್ತದೆ, ಹಬೆ ಎದ್ದು ಮುಚ್ಚಳದಲ್ಲಿ ಮತ್ತೆ ಹನಿ.

ಎಣ್ಣೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಅದು ಉಪ್ಪಿನಕಾಯಿಯನ್ನು ಕೆಡದಂತೆ ಕಾಯುತ್ತದೆ ಎಂಬುದು. ಎಣ್ಣೆ ಒಂದು ಕದ ಇದ್ದ ಹಾಗೆ. ಹೊರಗಿನವರನ್ನು ತಡೆಯುತ್ತದೆ, ಒಳಗೆ ಸೇರಿಕೊಂಡವರನ್ನು ಓಡಿಸುವುದಿಲ್ಲ. ಬೂಷ್ಟಿಗೆ ಗಾಳಿ ಬೇಕು, ಎಣ್ಣೆ ಆ ಗಾಳಿಯನ್ನು ಹೋಳಿನಿಂದ ದೂರ ಇಡುತ್ತದೆ, ಅಷ್ಟೇ. ಉಪ್ಪು ಎಣ್ಣೆಯಲ್ಲಿ ಕರಗುವುದೂ ಇಲ್ಲ. ಆದ್ದರಿಂದ ಎಣ್ಣೆ ಧಾರಾಳವಾಗಿದೆ ಎಂದು ಉಪ್ಪು ಇಳಿಸಬಾರದು, ಎಣ್ಣೆ ಹೆಚ್ಚಾಯಿತೆಂದು ಉಪ್ಪು ಏರಿಸಲೂ ಬಾರದು. ಕದ ಸಂದು ಬಿಡದೆ ಮುಚ್ಚಿರಬೇಕಾದರೆ ಎಲ್ಲ ಹೋಳಿನ ಮೇಲೆ ಕನಿಷ್ಠ ಅರ್ಧ ಸೆಂಟಿಮೀಟರ್ ಎಣ್ಣೆ ನಿಲ್ಲಬೇಕು. ಮನೆಯಲ್ಲಿ ಒಂದು ಬೆರಳಗಲ ಇರಲಿ. ಇದಕ್ಕೆ ಎಷ್ಟು ಎಣ್ಣೆ ಬೇಕು ಎನ್ನುವುದು ಜಾಡಿಯ ಆಕಾರದ ಮೇಲಿದೆ. ಒಳಗೆ 12 ಸೆಂಟಿಮೀಟರ್ ಅಗಲದ ಎತ್ತರದ ಜಾಡಿಯಲ್ಲಿ ಒಂದು ಸೆಂಟಿಮೀಟರ್ ಪದರಕ್ಕೆ ಸುಮಾರು 115 ಮಿಲಿಲೀಟರ್ ಸಾಕು. 20 ಸೆಂಟಿಮೀಟರ್ ಅಗಲದ ಡಬ್ಬಕ್ಕೆ 300 ಮಿಲಿಲೀಟರ್‌ಗೂ ಹೆಚ್ಚು ಬೇಕು. ಹಳೆಯ ಜಾಡಿಗಳು ಎತ್ತರವಾಗಿ, ಬಾಯಿ ಕಿರಿದಾಗಿ ಇರುವುದರ ಲಾಭ ಇದು. ನಮ್ಮ ಎರಡು ಕೆಜಿಗೆ ಒಟ್ಟು ಮುಕ್ಕಾಲು ಲೀಟರ್ ಇಟ್ಟುಕೊಂಡರೆ ಆಗುತ್ತದೆ. ಒಂದು ವಾರದಲ್ಲಿ ಮಸಾಲೆ ಎಣ್ಣೆ ಕುಡಿದು ಮಟ್ಟ ಇಳಿಯುತ್ತದೆ, ಆಗ ನೋಡಿ ಮತ್ತೆ ಕಾಯಿಸಿ ತಣಿಸಿದ ಎಣ್ಣೆ ಸೇರಿಸಬೇಕು. ಬಹಳ ಮಂದಿ ಮರೆಯುವ ಹೆಜ್ಜೆ ಇದೇ.

ಗಾಳಿ ಇಲ್ಲದ ಕಡೆ ಬೆಳೆಯುವ ಜೀವಿಗಳೂ ಇವೆ ಎಂಬುದನ್ನು ಮರೆಯಬಾರದು. ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಅಂಥದ್ದು. ಹುಳಿ ಚೆನ್ನಾಗಿದ್ದಲ್ಲಿ ಅದು ಬೆಳೆಯುವುದಿಲ್ಲ, ಹೀಗಾಗಿ ಮಾವಿನಕಾಯಿ, ನಿಂಬೆ ಎಣ್ಣೆಯಡಿಯಲ್ಲೂ ಸುರಕ್ಷಿತ. ಬೆಳ್ಳುಳ್ಳಿಯಲ್ಲಿ ಹುಳಿ ಇಲ್ಲ. ಮಾವಿನಕಾಯಿಯ ಜೊತೆ ನಾಲ್ಕಾರು ಎಸಳು ಹಾಕಿದರೆ ಕಾಯಿಯ ಹುಳಿ ಅದಕ್ಕೂ ಇಳಿಯುತ್ತದೆ. ಆದರೆ ಬರಿ ಬೆಳ್ಳುಳ್ಳಿಯನ್ನು ಹುಳಿ ಇಲ್ಲದೆ, ಉಪ್ಪು ಕಡಿಮೆ ಮಾಡಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯ. ಅದಕ್ಕೆ ನಿಂಬೆರಸವೋ ವಿನೆಗರೋ ಬೇಕೇ ಬೇಕು.

ನಿಂಬೆಹಣ್ಣಿನದು ಇನ್ನೊಂದು ದಾರಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ತೆಳು ಸಿಪ್ಪೆಯ, ರಸ ತುಂಬಿದ ಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ನಿಂಬೆರಸದಲ್ಲಿ ಶೇಕಡ ಆರರಷ್ಟು ಹುಳಿ ಇರುವುದರಿಂದ ಎಣ್ಣೆಯ ಅಗತ್ಯವೇ ಇಲ್ಲ. ಕೆಜಿ ಹಣ್ಣಿಗೆ 200ರಿಂದ 250 ಗ್ರಾಂ ಉಪ್ಪು, ಅರಿಸಿನ, ಅಷ್ಟೇ. ಉಪ್ಪು ಮಾವಿಗಿಂತ ಹೆಚ್ಚು ಬೇಕಾಗುವುದು ಸಿಪ್ಪೆಯ ಕಾರಣಕ್ಕೆ. ಸಿಪ್ಪೆ ಉಪ್ಪನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ಕಹಿಯನ್ನು ನಿಧಾನವಾಗಿ ಬಿಡುತ್ತದೆ. ಬಾಯಿಗೆ ಬಟ್ಟೆ ಕಟ್ಟಿ ದಿನವೂ ಬಿಸಿಲಿಗಿಟ್ಟು, ದಿನವೂ ಕುಲುಕಿದರೆ ಮೂರು ನಾಲ್ಕು ವಾರದಲ್ಲಿ ಸಿಪ್ಪೆ ಕಂದಾಗಿ, ಬೆರಳಲ್ಲಿ ಒತ್ತಿದರೆ ಹರಿಯುವಷ್ಟು ಮೆದುವಾಗುತ್ತದೆ. ಖಾರ ಹಾಕುವುದು ಆಮೇಲೆ. ಹೋಳು ಯಾವಾಗಲೂ ರಸದಲ್ಲಿ ಮುಳುಗಿರಬೇಕು ಎಂಬುದು ಇಲ್ಲಿಯ ನಿಯಮ. ರಸ ಸಾಲದಿದ್ದರೆ ಇನ್ನೂ ನಾಲ್ಕು ಹಣ್ಣು ಹಿಂಡಿ, ನೀರು ಮಾತ್ರ ಸೇರಿಸಬೇಡಿ. ಸಾಗರ, ಶಿರಸಿ ಕಡೆಯ ಅಪ್ಪೆಮಿಡಿಗೂ ಎಣ್ಣೆ ಇಲ್ಲ. ಗೊರಟು ಕಟ್ಟುವ ಮೊದಲೇ ತೊಟ್ಟಿನ ಸಮೇತ ಕೊಯ್ದ ಮಿಡಿಯನ್ನು ಉಪ್ಪಿನಲ್ಲಿ ಸುಕ್ಕುಗಟ್ಟಿಸಿ, ಬಿಟ್ಟ ಉಪ್ಪುನೀರನ್ನು ಕುದಿಸಿ ತಣಿಸಿ, ಅದರಲ್ಲೇ ಸಾಸಿವೆ ಖಾರ ಅರೆದು ಮುಳುಗಿಸಿಡುತ್ತಾರೆ. ಮಿಡಿಯ ಪರಿಮಳ ತೊಟ್ಟಿನ ಸೊನೆಯಲ್ಲಿರುವುದರಿಂದ ಅಲ್ಲಿ ಸೊನೆ ತೊಳೆಯುವುದಿಲ್ಲ.

ಜಾಡಿ ತೆರೆದಾಗ ಬಿಳಿ ಕಂಡರೆ ಗಾಬರಿ ಬೇಡ, ಮೊದಲು ಯಾವ ಬಿಳಿ ಎಂದು ನೋಡಿ. ಹೋಳಿನ ಮೇಲೆ, ಜಾಡಿಯ ಅಂಚಿನಲ್ಲಿ ಹರಳಿನಂತೆ ಮಿನುಗಿ, ಬೆರಳಿಗೆ ತರಿತರಿಯಾಗಿ ಸಿಕ್ಕಿ, ಬಿಸಿನೀರಿನಲ್ಲಿ ಕರಗಿದರೆ ಅದು ಉಪ್ಪು. ಏನೂ ಮಾಡಬೇಕಿಲ್ಲ. ಉಪ್ಪುನೀರಿನ ಮೇಲೆ ತೆಳ್ಳಗೆ, ಮಾಸಲು ಬಿಳಿಯ ಸುಕ್ಕು ಪೊರೆ ಕಟ್ಟಿದ್ದರೆ ಅದು ಗಾಳಿಗೆ ಬೆಳೆದ ಒಂದು ಬಗೆಯ ಯೀಸ್ಟ್. ಅದೇ ಸ್ವತಃ ವಿಷವಲ್ಲ, ಆದರೆ ಅದು ಹುಳಿಯನ್ನು ತಿಂದು ಬದುಕುತ್ತದೆ. ಬಿಟ್ಟರೆ ಜಾಡಿಯ ಹುಳಿ ಇಳಿದು ಬೇರೆ ಜೀವಿಗಳಿಗೆ ದಾರಿಯಾಗುತ್ತದೆ. ಮೊದಲ ವಾರದಲ್ಲೇ ಕಂಡು, ವಾಸನೆ ಚೆನ್ನಾಗಿದ್ದು, ಹೋಳು ಗಟ್ಟಿಯಾಗಿದ್ದರೆ ಪೊರೆ ಪೂರ್ತಿ ತೆಗೆದು, ಉಪ್ಪು ಸೇರಿಸಿ, ಹೋಳು ಮುಳುಗುವಂತೆ ಮಾಡಿ, ಬೇಗ ತಿಂದು ಮುಗಿಸಬಹುದು. ಹಸಿರು, ಕಪ್ಪು, ಬೂದು ಬಣ್ಣದ ಹತ್ತಿಯಂಥ ಬೂಷ್ಟು ಬಂದಿದ್ದರೆ ಮಾತ್ರ ಜಾಡಿಯನ್ನೇ ಚೆಲ್ಲಬೇಕು. ಮೇಲಿನದನ್ನು ತೆಗೆದು ಒಂದು ಬಿಸಿಲು ಕಾಣಿಸಿದರೆ ಸರಿಹೋಗುತ್ತದೆ ಎನ್ನುವ ಮಾತು ತಪ್ಪು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ, ಕೆಲವು ಬಿಡುವ ವಿಷ ಬಿಸಿಲಿಗೂ ಕಾಯಿಸಿದ ಎಣ್ಣೆಗೂ ಹೋಗುವುದಿಲ್ಲ.

ರಕ್ತದೊತ್ತಡ ಇರುವವರ ಮನೆಯಲ್ಲಿ ಉಪ್ಪು ಕಡಿಮೆ ಹಾಕಿ ಎನ್ನುವ ಒತ್ತಾಯ ಬರುವುದು ಸಹಜ, ಅದು ನ್ಯಾಯವೂ ಹೌದು. ನಮ್ಮ ಲೆಕ್ಕದ ಉಪ್ಪಿನಕಾಯಿಯಲ್ಲಿ ಎಣ್ಣೆ ಮಸಾಲೆ ಎಲ್ಲ ಸೇರಿ 15 ಗ್ರಾಂಗೆ ಸುಮಾರು 1.8 ಗ್ರಾಂ ಉಪ್ಪು ಇರುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ತಟ್ಟೆಯಲ್ಲಿ ಬಡಿಸುವುದನ್ನು ಇಳಿಸಿ, ಜಾಡಿಗೆ ಹಾಕುವುದನ್ನು ಇಳಿಸಬೇಡಿ. ಉಪ್ಪು ಕಡಿಮೆಯದೇ ಬೇಕೆಂದರೆ ಅರ್ಧ ಕೆಜಿ ಮಾತ್ರ ಹಾಕಿ, ಫ್ರಿಜ್‌ನಲ್ಲಿಟ್ಟು, ಎರಡು ಮೂರು ವಾರದಲ್ಲಿ ಮುಗಿಸಿ. ಅದನ್ನು ವರ್ಷದ ಉಪ್ಪಿನಕಾಯಿಯ ಸಾಲಿನಲ್ಲಿ ಕಪಾಟಿಗಿಡಬೇಡಿ.

ಮುಂದಿನ ಮಾವಿನ ಕಾಲಕ್ಕೆ ಒಂದು ಸಣ್ಣ ಅಡುಗೆ ತಕ್ಕಡಿ ಮನೆಗೆ ತನ್ನಿ. ಹೋಳಿನ ತೂಕ, ಉಪ್ಪಿನ ತೂಕ, ಬಿಸಿಲಿನ ಮೇಲೆ ಉಳಿದ ತೂಕ, ಹಾಕಿದ ತಾರೀಕು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜಾಡಿಗೆ ಅಂಟಿಸಿ. ಆಷಾಢದಲ್ಲಿ ಅದು ಚೆನ್ನಾಗಿ ಉಳಿದಿದ್ದರೆ ಆ ಚೀಟಿಯನ್ನು ಎತ್ತಿಟ್ಟುಕೊಳ್ಳಿ, ಮನೆಯ ಮಕ್ಕಳಿಗೆ ಅದನ್ನೇ ಕೊಡಿ.